ಜ್ವರದ ರಜೆಯೂ ವೈದ್ಯರ ಚೀಟಿಯೂ



ಸಯನ್ ರೈಲು ನಿಲ್ದಾಣದಿಂದ ಕಿಂಗ್ಸ್ ಸರ್ಕಲ್ಲಿಗೂ ಅಲ್ಲಿಂದ ಮಾಟುಂಗಕ್ಕೂ ಹಬ್ಬಿರುವ ನಮ್ಮವರ ಹೋಟೆಲುಗಳಲ್ಲಿ, ನಸುಕಿನಲ್ಲೆದ್ದು ಒಲೆ ಹೊತ್ತಿಸುವ ಭಟ್ಟರಿಂದ ಹಿಡಿದು ನಡುರಾತ್ರಿ ಮೋರಿ ತೊಳೆದು ಮಲಗುವ ಹುಡುಗನವರೆಗೆ, ದುಡಿಯುವವರೆಲ್ಲರಿಗೂ ಒಂದಲ್ಲ ಒಂದು ದಿನ ಮೈ ಕಾಯುತ್ತದೆ. ಆ ದಿನ ಅವರು ಧಣಿಗಳ ಮುಂದೆ ನಿಂತು ಹೇಳುವ ಮಾತನ್ನು ನಂಬಬೇಕೋ, ನಂಬದೆ ವೈದ್ಯರ ಸರ್ಟಿಫಿಕೇಟನ್ನು ಕೇಳಬೇಕೋ, ಕೇಳಿದರೆ ಎಷ್ಟು ದಿನದ ರಜೆಗೆ, ಯಾವ ವೈದ್ಯರಿಂದ, ಯಾವ ರೂಪದಲ್ಲಿ ಕೇಳಬೇಕು ಎಂಬುದೇ ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಚಾರ. ಹೋಟೆಲುಗಳ ಹಾಜರಿ ಪುಸ್ತಕವನ್ನೂ ಪಗಾರದ ಲೆಕ್ಕವನ್ನೂ ಬಹುಕಾಲ ಬರೆದವನಾದುದರಿಂದ, ಈ ಪ್ರಶ್ನೆಯನ್ನು ನಾನು ಪುಸ್ತಕದ ಎರಡೂ ಬದಿಗಳಿಂದ ನೋಡಿದ್ದೇನೆ: ನಿಜವಾಗಿ ಕಾಯಿಲೆಬಿದ್ದವನು ಕಳ್ಳನಂತೆ ವಿಚಾರಣೆಗೆ ಗುರಿಯಾಗುವುದನ್ನೂ ಕಂಡಿದ್ದೇನೆ, ಗಟ್ಟಿಮುಟ್ಟಾಗಿದ್ದವನು ಮುದ್ರೆಯೊತ್ತಿದ ಕಾಗದವೊಂದನ್ನು ತಂದುಕೊಟ್ಟು ಗೌರವದಿಂದ ಪಗಾರ ಎಣಿಸಿಕೊಳ್ಳುವುದನ್ನೂ ಕಂಡಿದ್ದೇನೆ.

ಮೊದಲು ಆ ಕಾಗದದ ಸಾಮರ್ಥ್ಯವೆಷ್ಟು ಎಂಬುದನ್ನು ತಿಳಿಯೋಣ. ವೈದ್ಯನು ತನ್ನ ಕಣ್ಣಿಗೆ ಕಂಡುದನ್ನು, ಕೈಗೆ ಸಿಕ್ಕುದನ್ನು, ಪರೀಕ್ಷೆಯ ವರದಿಯಲ್ಲಿ ಓದಿದುದನ್ನು ದೃಢೀಕರಿಸಬಲ್ಲನೇ ಹೊರತು ನಿನ್ನೆ ಬಂದು ನಿನ್ನೆಯೇ ಹೋದ ತಲೆನೋವನ್ನು ದೃಢೀಕರಿಸಲಾರನು. ಸೋಮವಾರ ಭೇದಿಯಾಗಿ ಮಲಗಿದ್ದವನು ಮಂಗಳವಾರ ಚೇತರಿಸಿಕೊಂಡು ಕೆಲಸಕ್ಕೆ ಬಂದಾಗ, ಧಣಿಗಳು ಚೀಟಿ ಕೇಳಿದರೆಂದು ಮೂಲೆಯ ದವಾಖಾನೆಗೆ ಹೋಗಿ ನಿಂತರೆ, ಅಲ್ಲಿನ ವೈದ್ಯರು ಬರೆದುಕೊಡಬಹುದಾದುದು ಆ ರೋಗಿಯೇ ಹೇಳಿದ ಮಾತನ್ನು ಮಾತ್ರ. ನೌಕರನ ಬಾಯಿಂದ ಧಣಿಗಳು ನೇರವಾಗಿ ಕೇಳಬಹುದಾಗಿದ್ದ ಅದೇ ಮಾತು ವೈದ್ಯರ ಕೈಬರಹದಲ್ಲಿ, ಶುಲ್ಕವನ್ನು ಕಳೆದುಕೊಂಡು, ಹಿಂದಿರುಗಿ ಬರುತ್ತದೆ. ಒಂದು ದಿನದ ರಜೆಗೂ ಸರ್ಟಿಫಿಕೇಟು ತರತಕ್ಕದ್ದು ಎಂಬ ನಿಯಮವು ಎಲ್ಲಿಯೆಲ್ಲ ಜಾರಿಯಲ್ಲಿದೆಯೋ ಅಲ್ಲಿಯೆಲ್ಲ ಸುಳ್ಳು ಚೀಟಿಗಳ ವ್ಯಾಪಾರವು ಬೆಳೆಯುವುದು ಈ ಕಾರಣದಿಂದಲೇ. ಅಷ್ಟೇ ಅಲ್ಲ, ಒಂದು ದಿನದ ವಿಶ್ರಾಂತಿಯಿಂದ ಸರಿಹೋಗಬಹುದಾಗಿದ್ದವನು, ಚೀಟಿಗೆ ಹಣ ಕೊಟ್ಟ ಮೇಲೆ ಒಂದು ದಿನಕ್ಕೇಕೆ ಬರೆಯಿಸಲಿ, ಮೂರು ದಿನಕ್ಕೇ ಬರೆಯಿಸುವೆ ಎಂದುಕೊಳ್ಳುವುದೂ ಸಹಜ. ರಜೆಯನ್ನು ಕುಗ್ಗಿಸಲೆಂದು ಮಾಡಿದ ನಿಯಮವು ರಜೆಯನ್ನು ಹಿಗ್ಗಿಸುತ್ತದೆ.

ಆದರೆ ಏಳು ದಿನ, ಹದಿನಾಲ್ಕು ದಿನಗಳ ಕಾಯಿಲೆಯ ಮಾತು ಬೇರೆ. ವಿಷಮಶೀತಜ್ವರ, ಕಾಮಾಲೆ, ಕ್ಷಯ, ಮುರಿದ ಮೂಳೆ, ಇವು ವೈದ್ಯನ ದೃಷ್ಟಿಗೆ ಗೋಚರಿಸುವಂಥವು. ಔಷಧ, ರಕ್ತಪರೀಕ್ಷೆ, ಮರುಭೇಟಿ ಎಂಬ ಜಾಡನ್ನು ಹಿಂದೆ ಬಿಡುವಂಥವು. ಇಲ್ಲಿ ಸರ್ಟಿಫಿಕೇಟು ನೌಕರನ ಮಾತಿಗೆ ಹೊಸದೇನನ್ನಾದರೂ ಕೂಡಿಸುತ್ತದೆ. ಆದುದರಿಂದ ಎಲ್ಲಿ ವೈದ್ಯನ ಕಣ್ಣು ನಿಜವಾಗಿ ಏನನ್ನಾದರೂ ಕಾಣಬಲ್ಲದೋ ಅಲ್ಲಿ ಮಾತ್ರ ಚೀಟಿಯನ್ನು ಕೇಳಬೇಕು, ಉಳಿದೆಡೆ ಎಣಿಕೆಗೆ ಒಳಪಟ್ಟ ನಂಬಿಕೆಯನ್ನಿಡಬೇಕು ಎಂಬುದು ನನ್ನ ನಿಲುವು. ಇದರಲ್ಲಿ ಅತಿ ಉದಾರವಾದುದೇನೂ ಇಲ್ಲ. ಬ್ರಿಟನ್ನಿನಲ್ಲಿ ಮೊದಲ ಏಳು ದಿನಗಳ ಕಾಯಿಲೆಗೆ ನೌಕರನ ಸ್ವಂತ ಹೇಳಿಕೆಯೇ ಸಾಕು, ಎಂಟನೆಯ ದಿನದಿಂದ ವೈದ್ಯರ ಚೀಟಿ ಬೇಕು. ನಮ್ಮ ಕೇಂದ್ರ ಸರಕಾರದ 1972ರ ರಜಾ ನಿಯಮಗಳು ಕೂಡ, ಒಂದು ಸಲಕ್ಕೆ ಮೂರು ದಿನ ಮೀರದ ರಜೆಗೆ ಸರ್ಟಿಫಿಕೇಟು ಬೇಡವೆನ್ನುವ ವಿವೇಚನೆಯನ್ನು ರಜೆ ಕೊಡುವ ಅಧಿಕಾರಿಗೆ ಬಿಟ್ಟಿವೆ. ಆದರೆ ಆ ರಜೆಯನ್ನು ವೈದ್ಯಕೀಯ ರಜೆಯ ಖಾತೆಗೆ ಬರೆಯುವಂತಿಲ್ಲ.

ಈಗ ಸಯನ್ನಿನಲ್ಲಿ ಇಪ್ಪತ್ತಾರು ಮಂದಿ ನೌಕರರಿರುವ ಒಂದು ಹೋಟೆಲನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಇಲ್ಲಿನ ನೌಕರನಿಗೆ ವರ್ಷಕ್ಕೆ ಎಂಟು ದಿನಗಳ ಸಾಂದರ್ಭಿಕ ರಜೆಯನ್ನು ಪಗಾರ ಸಹಿತವಾಗಿ ಕೊಟ್ಟಿದೆ. ಕಾಯಿಲೆಯ ರಜೆಯೆಂದು ಪ್ರತ್ಯೇಕವಾಗಿ ಏನನ್ನೂ ಕೊಟ್ಟಿಲ್ಲ. ಇದೇ ಧಣಿಗಳು ಇದೇ ಹೋಟೆಲನ್ನು ಬೆಂಗಳೂರಿನಲ್ಲಿ ನಡೆಸುತ್ತಿದ್ದರೆ, ಕರ್ನಾಟಕದ 1961ರ ಕಾಯಿದೆಯಂತೆ ಕಾಯಿಲೆ, ಅಪಘಾತ ಅಥವಾ ಬೇರೆ ಸಮಂಜಸ ಕಾರಣಕ್ಕೆ ವರ್ಷಕ್ಕೆ ಹನ್ನೆರಡು ದಿನಗಳವರೆಗೆ ವೇತನ ಸಹಿತ ರಜೆಯನ್ನು ಕೊಡಬೇಕಾಗಿತ್ತು. ಮುಂಬಯಿಯ ಕಾಯಿದೆ ಮೌನವಾಗಿರುವ ಈ ಸ್ಥಳದಲ್ಲಿ, ಬಹುಮಂದಿ ಧಣಿಗಳಿಗೂ ಅವರ ನೌಕರರಿಗೂ ಅರ್ಧಂಬರ್ಧ ಮಾತ್ರ ತಿಳಿದಿರುವ ಮತ್ತೊಂದು ವ್ಯವಸ್ಥೆಯಿದೆ: ಇ.ಎಸ್.ಐ., ಅಂದರೆ 1948ರ ಕಾಯಿದೆಯಿಂದ ಹುಟ್ಟಿದ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿರುವ ಕಾರ್ಮಿಕರ ರಾಜ್ಯ ವಿಮೆ.

ನಮ್ಮ ಕಲ್ಪನೆಯ ಹೋಟೆಲಿನಲ್ಲಿ ತಿಂಗಳಿಗೆ 18,000 ರೂಪಾಯಿ ಪಗಾರದ ಸಪ್ಲಾಯರನೊಬ್ಬನಿದ್ದಾನೆನ್ನೋಣ. 2017ರಲ್ಲಿ ಗೊತ್ತುಮಾಡಿದ 21,000 ರೂಪಾಯಿಗಳ ವೇತನಮಿತಿಯೊಳಗೆ ಅವನು ಬರುತ್ತಾನೆ. 2019ರ ಜುಲೈಯಿಂದ ಬಂದ ದರದಂತೆ ಅವನ ಪಗಾರದಿಂದ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 135 ರೂಪಾಯಿ, ಧಣಿಗಳಿಂದ ನೂರಕ್ಕೆ ಮೂರೂಕಾಲು ರೂಪಾಯಿಯಂತೆ 585 ರೂಪಾಯಿ, ತಿಂಗಳು ತಿಂಗಳೂ ಈ ವಿಮೆಗೆ ಸಂದಾಯವಾಗುತ್ತದೆ. ಆರು ತಿಂಗಳ ಒಂದು ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಸಂಬಂಧಿಸಿದ ಮುಂದಿನ ಅವಧಿಯಲ್ಲಿ ಕಾಯಿಲೆಬಿದ್ದಾಗ ಸರಾಸರಿ ದಿನಗೂಲಿಯ ನೂರಕ್ಕೆ ಎಪ್ಪತ್ತರಂತೆ, ವರ್ಷದಲ್ಲಿ 91 ದಿನಗಳವರೆಗೆ, ಈ ವಿಮೆಯನ್ನು ನಡೆಸುವ ನಿಗಮವೇ ಅವನಿಗೆ ಹಣ ಕೊಡುತ್ತದೆ. ಆದರೆ ಕಾಯಿಲೆಯ ಮೊದಲ ಎರಡು ದಿನಗಳಿಗೆ ಏನನ್ನೂ ಕೊಡುವುದಿಲ್ಲ. ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನಗಳೊಳಗೆ ಮತ್ತೆ ಮಲಗಿದವನಿಗೆ ಮಾತ್ರ ಈ ಕಾಯುವ ದಿನಗಳ ನಿರ್ಬಂಧವಿಲ್ಲ.

ಈ ಎರಡು ದಿನಗಳೇ ನಮ್ಮ ಸಮಸ್ಯೆಯ ಕೀಲು. ಸಣ್ಣಪುಟ್ಟ ನೆಗಡಿಗೆಲ್ಲ ನಿಗಮದ ಬಾಗಿಲಿಗೆ ಬರುವವರನ್ನು ತಡೆಯಲೆಂದು ಇಟ್ಟ ಆ ಅಂತರವು, ಪಗಾರವಿಲ್ಲದ ದಿನವನ್ನು ಭರಿಸಲಾರದ ಬಡವನಿಗೆ ಬೇರೆಯೇ ಅರ್ಥವನ್ನು ಕೊಡುತ್ತದೆ: ಜ್ವರವಿದ್ದರೂ ಮಾತ್ರೆ ನುಂಗಿ ಮೂರನೆಯ ದಿನದವರೆಗೆ ಟೇಬಲು ಒರೆಸು, ಇಲ್ಲವೆ ಹೇಗೂ ಎರಡು ದಿನ ಕಳೆದುಕೊಂಡದ್ದಾಯಿತೆಂದು ಹತ್ತು ದಿನ ಮಲಗು. ಧಣಿಗಳು ಈ ಎರಡು ದಿನಗಳನ್ನು ತಾವು ವಹಿಸಿಕೊಂಡರೆ ಇಡೀ ಗಂಟು ಸಡಿಲವಾಗುತ್ತದೆ. ನಾನು ಸೂಚಿಸುವ ನಿಯಮ ಹೀಗಿದೆ: ಕಾಯಿದೆಯ ಎಂಟು ದಿನಗಳನ್ನು ಮುಟ್ಟದೆ, ಅದಕ್ಕೆ ಹೆಚ್ಚಾಗಿ, ವರ್ಷಕ್ಕೆ ನಾಲ್ಕು ದಿನಗಳ ಕಾಯಿಲೆ ರಜೆಯನ್ನು ಪೂರ್ಣ ಪಗಾರದೊಡನೆ ನೌಕರನ ಮಾತಿನ ಮೇಲೆಯೇ ಕೊಡುವುದು, ಆದರೆ ಒಂದು ಸಲಕ್ಕೆ ಎರಡು ದಿನಗಳಿಗಿಂತ ಹೆಚ್ಚಿಲ್ಲ, ಮತ್ತು ಪಾಳಿಯ ಆರಂಭಕ್ಕೆ ಮುಂಚೆ ಮ್ಯಾನೇಜರರಿಗೆ ತಿಳಿಸಿರತಕ್ಕದ್ದು. ಮೂರನೆಯ ದಿನವೂ ಏಳಲಾಗದವನು ವಿಮೆಯ ವೈದ್ಯರ ಬಳಿಗೆ ಹೋಗಬೇಕು. ಅಲ್ಲಿಂದ ಮುಂದೆ ಹಣವೂ ನಿಗಮದ್ದು, ಪರೀಕ್ಷೆಯೂ ನಿಗಮದ ವೈದ್ಯರದ್ದು. ಮೂರನೆಯ ದಿನದವರೆಗೆ ಕಾಯುವುದು ಚೀಟಿಗೆ ಮಾತ್ರ, ಚಿಕಿತ್ಸೆಗಲ್ಲ ಎಂಬುದನ್ನೂ ನಿಯಮದಲ್ಲಿಯೇ ಬರೆದಿರಬೇಕು.

ಸಪ್ಲಾಯರನಿಗೆ ವಿಷಮಶೀತಜ್ವರ ಬಂದು ಹದಿನಾಲ್ಕು ದಿನ ಮಲಗಿದನೆಂದರೆ ಲೆಕ್ಕ ಹೇಗಾಗುತ್ತದೆ, ನೋಡಿ. ದಿನಕ್ಕೆ 600 ರೂಪಾಯಿಯಂತೆ ಅವನ ಹದಿನಾಲ್ಕು ದಿನಗಳ ಪಗಾರ 8,400 ರೂಪಾಯಿ. ಮೊದಲ ಎರಡು ದಿನಕ್ಕೆ ಧಣಿಗಳಿಂದ 1,200 ರೂಪಾಯಿ; ಉಳಿದ ಹನ್ನೆರಡು ದಿನಕ್ಕೆ ನಿಗಮದಿಂದ 420 ರೂಪಾಯಿಯಂತೆ 5,040; ಒಟ್ಟು 6,240. ಧಣಿಗಳ ಗಲ್ಲಾದಿಂದ ಹೋದದ್ದು ಎರಡು ದಿನದ ಪಗಾರ ಮಾತ್ರ. ರೋಗಿಗೆ ಸ್ವಲ್ಪ ನಷ್ಟವುಂಟು. ಕೆಲಸಕ್ಕೆ ಹಿಂದಿರುಗಲು ಆ ಸ್ವಲ್ಪ ನಷ್ಟವೇ ಸಾಕಷ್ಟು ಪ್ರೇರಣೆ. ಆದರೆ ಹಸಿವಿಗೆ ಹೆದರಿ ಜ್ವರದಲ್ಲಿಯೇ ಪಾನಕ ಹಂಚಲು ಬರಬೇಕಾದಷ್ಟು ದೊಡ್ಡ ನಷ್ಟವಲ್ಲ. ಒಂದೇ ದಿನಕ್ಕೆ ಧಣಿಗಳ ಪಗಾರವನ್ನೂ ನಿಗಮದ ಹಣವನ್ನೂ ಎರಡನ್ನೂ ಪಡೆಯುವಂತಿಲ್ಲವಾದುದರಿಂದ, ಹಾಜರಿ ಪುಸ್ತಕದಲ್ಲಿ ಯಾವ ದಿನ ಯಾರ ಲೆಕ್ಕಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ಅವಶ್ಯ.

ವಿಮೆಯ ವೈದ್ಯರ ಚೀಟಿಗೆ ಹೆಚ್ಚು ತೂಕವೇಕೆಂದರೆ, ಆ ವ್ಯವಸ್ಥೆಯೊಳಗೆ ದುರುಪಯೋಗವನ್ನು ತಡೆಯುವ ಏರ್ಪಾಡುಗಳು ಮೊದಲೇ ಇವೆ. ಹಣ ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವಂಥದನ್ನು ಮಾಡಬಾರದು, ವೈದ್ಯರ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶವನ್ನು ಬಿಟ್ಟು ಹೋಗಬಾರದು, ಕರೆದಾಗ ಪರೀಕ್ಷೆಗೆ ಒಳಗಾಗಬೇಕು. ಸಂದೇಹ ಬಂದಲ್ಲಿ ಮೆಡಿಕಲ್ ರೆಫರಿಯೆಂಬ ಮತ್ತೊಬ್ಬ ವೈದ್ಯರು ರೋಗಿಯನ್ನು ಕಂಡು ಅಭಿಪ್ರಾಯ ಕೊಡುತ್ತಾರೆ. ಅತ್ತ ನೌಕರನಿಗೂ ಒಂದು ರಕ್ಷೆಯುಂಟು: ಈ ಹಣ ಪಡೆಯುತ್ತಿರುವ ಅವಧಿಯಲ್ಲಿ ಧಣಿಗಳು ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. ಪ್ರಾಮಾಣಿಕನಿಗೆ ಅಭಯ, ವಂಚಕನಿಗೆ ತಪಾಸಣೆ ಎರಡೂ ಒಂದೇ ಕಡೆ ಸಿಕ್ಕುವಾಗ, ಅದನ್ನು ಬಿಟ್ಟು ಬೀದಿಯ ಚೀಟಿಗೆ ಜೋತುಬೀಳುವುದು ನನಗೆ ಅರ್ಥವಾಗದ ಸಂಗತಿ.

ಆದರೂ ಎಲ್ಲರೂ ಎಲ್ಲ ಕಾಲದಲ್ಲಿಯೂ ವಿಮೆಯ ವೈದ್ಯರ ಬಳಿಗೆ ಹೋಗಲಾರರು. ಸಯನ್ನಿನವನಿಗೆ ರಾತ್ರಿ ಮೈ ಸುಟ್ಟುಹೋದರೆ ಅವನನ್ನು ಸಂಗಾತಿಗಳು ಹೊತ್ತೊಯ್ಯುವುದು ನಾವೆಲ್ಲ ಸಯನ್ ಆಸ್ಪತ್ರೆ ಎನ್ನುವ, ಮಹಾನಗರಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆಗೆ. ಅಲ್ಲಿ ಸಾಲಿನಲ್ಲಿ ನಿಂತು ಕೇಸ್ ಪೇಪರ್ ಮಾಡಿಸಿ, ವೈದ್ಯರ ಮುಂದೆ ಕುಳಿತು, ಔಷಧದ ಕಿಟಕಿಯನ್ನು ದಾಟಿ ಹೊರಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ನೂರಾರು ರೋಗಿಗಳ ನಡುವೆ ಉಸಿರಾಡಲು ಬಿಡುವಿಲ್ಲದ ಆ ಎಳೆಯ ವೈದ್ಯರನ್ನು, ನಮ್ಮ ಧಣಿಗಳಿಗೊಂದು ಸರ್ಟಿಫಿಕೇಟು ಬರೆದುಕೊಡಿ ಎಂದು ಕೇಳುವ ಧೈರ್ಯ ಹದಿನೆಂಟರ ಹುಡುಗನಿಗೆ ಬರುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ದಿನಾಂಕವೊತ್ತಿದ, ವೈದ್ಯರ ಬರಹವಿರುವ ಆ ಕೇಸ್ ಪೇಪರೇ ಅವನು ಆ ದಿನ ಆಸ್ಪತ್ರೆಗೆ ಹೋಗಿದ್ದನೆಂಬುದಕ್ಕೆ ಸಾಕ್ಷ್ಯ. ನಿಯಮದಲ್ಲಿ ಅದನ್ನು ಹೆಸರಿಸಿಯೇ ಒಪ್ಪಿಕೊಳ್ಳಬೇಕು. ಕೊಂಡುತಂದ ಅಚ್ಚುಕಟ್ಟಾದ ಸರ್ಟಿಫಿಕೇಟನ್ನು ಒಪ್ಪಿ, ಮಡಚಿ ಮುದುಡಿದ ಕೇಸ್ ಪೇಪರನ್ನು ತಿರಸ್ಕರಿಸುವ ಕಛೇರಿಯು ತನ್ನ ನೌಕರರಿಗೆ ಸುಳ್ಳನ್ನು ತಾನೇ ಕಲಿಸಿದಂತಾಯಿತು. ನಿಗಮದ ಹಣಕ್ಕೆ ಬೇಕಾದ ಸರ್ಟಿಫಿಕೇಟು ಬೇರೆ, ಹೋಟೆಲಿನ ಹಾಜರಿಗೆ ಬೇಕಾದ ಸಾಕ್ಷ್ಯ ಬೇರೆ ಎಂಬುದನ್ನು ಹುಡುಗನಿಗೆ ಬಿಡಿಸಿ ಹೇಳಿ, ಮರುದಿನವೇ ಅವನನ್ನು ವಿಮೆಯ ವೈದ್ಯರ ಬಳಿಗೆ ಕಳುಹಿಸುವುದು ಮ್ಯಾನೇಜರರ ಕೆಲಸ.

ಖಾಸಗಿ ವೈದ್ಯರ ಸರ್ಟಿಫಿಕೇಟು ಬಂದಾಗ ಅದರಲ್ಲಿ ಏನನ್ನು ನೋಡಬೇಕು? ಅಲೋಪತಿ ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿ ನಡತೆಯ ನಿಯಮಾವಳಿಯಂತೆ ವೈದ್ಯರು ತಾವು ಕೊಟ್ಟ ಸರ್ಟಿಫಿಕೇಟುಗಳಿಗೆಂದೇ ಒಂದು ದಾಖಲೆಪುಸ್ತಕವನ್ನಿಡಬೇಕು, ಪ್ರತಿಯನ್ನು ಉಳಿಸಿಕೊಳ್ಳಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ವಿಳಾಸ ಮತ್ತು ದೇಹದ ಮೇಲಿನ ಒಂದಾದರೂ ಗುರುತುಚಿಹ್ನೆಯನ್ನು ಅದರಲ್ಲಿ ನಮೂದಿಸಬೇಕು, ತಮ್ಮ ನೋಂದಣಿ ಸಂಖ್ಯೆಯನ್ನು ಬರೆಯಬೇಕು. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕುವುದು ಅವರ ಮಟ್ಟಿಗೆ ವೃತ್ತಿದ್ರೋಹ. ಹೀಗಿರುವಾಗ ನೌಕರನ ಸಹಿಯೇ ಇಲ್ಲದ, ನೋಂದಣಿ ಸಂಖ್ಯೆಯಿಲ್ಲದ ಕಾಗದವು ಮೇಲುನೋಟಕ್ಕೇ ದುರ್ಬಲ. ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದುದು, ವೈದ್ಯರು ರೋಗಿಯನ್ನು ಪರೀಕ್ಷಿಸಿದ ದಿನಾಂಕ. ಮೂರನೆಯ ತಾರೀಖಿನಿಂದ ಹನ್ನೆರಡರವರೆಗಿನ ವಿಶ್ರಾಂತಿಯನ್ನು ಹನ್ನೆರಡರಂದೇ ಕುಳಿತು ಬರೆದುಕೊಟ್ಟ ಕಾಗದಕ್ಕೂ, ಮೂರರಂದು ಕಂಡು ಐದು ದಿನದ ವಿಶ್ರಾಂತಿ ಹೇಳಿ, ಎಂಟರಂದು ಮತ್ತೆ ಕಂಡು ಮುಂದುವರಿಸಿದ ಕಾಗದಕ್ಕೂ ಅಗಾಧ ವ್ಯತ್ಯಾಸವಿದೆ. ಮೊದಲನೆಯದು ಮೋಸವೇ ಆಗಿರಬೇಕೆಂದಿಲ್ಲ, ಆದರೆ ಅದು ಔಷಧದ ಚೀಟಿಯನ್ನೋ ರಕ್ತಪರೀಕ್ಷೆಯ ವರದಿಯನ್ನೋ ಜತೆಗೆ ಬೇಡುತ್ತದೆ.

ಸಂಶಯವಿದ್ದರೆ ವೈದ್ಯರನ್ನು ಕೇಳಬಹುದು; ಆದರೆ ನೌಕರನಿಗೆ ತಿಳಿಸಿ ಕೇಳಬೇಕು, ಮತ್ತು ಕೇಳಬೇಕಾದುದು ಒಂದೇ ಮಾತು: ಈ ದಿನಾಂಕದ ಈ ಸರ್ಟಿಫಿಕೇಟು ತಮ್ಮದೇ ಹೌದೇ? ರೋಗ ಯಾವುದು, ಎಲ್ಲಿಂದ ಬಂತು ಎಂದು ಕೆದಕುವುದು ಧಣಿಗಳ ಅಧಿಕಾರದ ಹೊರಗಿನ ಮಾತು. ರಜೆಯ ಚೀಟಿಯಲ್ಲಿ ರೋಗದ ಹೆಸರಿರಲೇಬೇಕೆಂದು ಹಟಮಾಡುವ ಕಛೇರಿಗಳನ್ನು ನಾನು ಬಲ್ಲೆ. ಕೆಲಸಕ್ಕೆ ಅಶಕ್ತ, ಇಂಥ ದಿನದಿಂದ ಇಂಥ ದಿನದವರೆಗೆ, ಎಂಬಷ್ಟು ಸಾಕು. ಕ್ಷಯವೆಂದೋ ಮನೋವ್ಯಾಧಿಯೆಂದೋ ಬರೆದ ಕಾಗದವು ಗಲ್ಲಾದ ಮೇಜಿನಿಂದ ಅಡಿಗೆಮನೆಗೆ, ಅಲ್ಲಿಂದ ಊರಿಗೆ ತಲುಪಲು ಒಂದು ದೂರವಾಣಿ ಕರೆ ಸಾಕು. ಆ ಭಯದಿಂದ ಚಿಕಿತ್ಸೆಯನ್ನೇ ಮುಚ್ಚಿಟ್ಟವರುಂಟು.

ಊರಿನ ಮಾತು ಬಂತು. ಮುಂಬಯಿಯ ನಮ್ಮವರಲ್ಲಿ ರಜೆಯ ದುರುಪಯೋಗವೆಂದರೆ ಒಂದು ದಿನದ ಖಾಡೆಗಿಂತ ಹೆಚ್ಚಾಗಿ ಊರಿನಲ್ಲಿ ಉಳಿದುಬಿಡುವುದು. ಹಿಂದೆ ತಾಯಿಗೆ ಕಾಯಿಲೆ, ಕೂಡಲೇ ಹೊರಡು ಎಂಬ ತಂತಿಯಿಂದ ಪ್ರಯಾಣ ಆರಂಭವಾಗುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು, ಆದರೆ ಪ್ರಯಾಣದ ಕೊನೆಯಲ್ಲಿ ಕುಂದಾಪುರದಿಂದಲೋ ಕಾರ್ಕಳದಿಂದಲೋ ಬರುವ ಇಪ್ಪತ್ತೊಂದು ದಿನಗಳ ಕಾಮಾಲೆಯ ಸರ್ಟಿಫಿಕೇಟು ಇಂದಿಗೂ ನಿಂತಿಲ್ಲ. ಇದನ್ನು ಓದುವಾಗ ಆತುರ ಸಲ್ಲದು. ಕಾಮಾಲೆಗೆ ಊರಿನ ಮದ್ದೇ ಆಗಬೇಕೆಂಬ ನಂಬಿಕೆ ನಮ್ಮ ಜನರಲ್ಲಿ ಗಾಢವಾದುದು; ಹತ್ತು ಜನ ಮಲಗುವ ಹೋಟೆಲಿನ ಅಟ್ಟದಲ್ಲಿ ಗಂಜಿ ಕಾಯಿಸಿಕೊಡುವವರಿಲ್ಲದೆ ನರಳುವುದಕ್ಕಿಂತ ತಾಯಿಯ ಮನೆ ಲೇಸೆನ್ನುವುದರಲ್ಲಿ ಸುಳ್ಳೇನಿದೆ? ಇನ್ನೊಂದು ಕಡೆ, ಗದ್ದೆಯ ನಾಟಿ, ತಂಗಿಯ ಮದುವೆ, ದೈವದ ನೇಮ, ಇವುಗಳಿಗೆ ರಜೆ ಕೇಳಿದರೆ ಸಿಕ್ಕದೆಂಬ ಖಾತರಿಯಿದ್ದವನು ಕಾಯಿಲೆಯ ಮೊರೆಹೊಗುತ್ತಾನೆ. ಹಾಗಾಗಿ ಈ ಜಾತಿಯ ದುರುಪಯೋಗಕ್ಕೆ ಮದ್ದು ಕಾಯಿಲೆ ರಜೆಯ ನಿಯಮದಲ್ಲಿಲ್ಲ, ಗಳಿಕೆ ರಜೆಯ ನಿಯಮದಲ್ಲಿದೆ. ಇಪ್ಪತ್ತು ದಿನ ದುಡಿದುದಕ್ಕೆ ಒಂದು ದಿನದಂತೆ ಕಾಯಿದೆಯೇ ಕೊಟ್ಟಿರುವ ರಜೆಯನ್ನು, ಯಾರು ಯಾವಾಗ ಊರಿಗೆ ಹೋಗುವರೆಂದು ವರ್ಷದ ಆರಂಭದಲ್ಲಿಯೇ ಪಟ್ಟಿ ಮಾಡಿ ನಿಜವಾಗಿಯೂ ಕೊಟ್ಟರೆ, ಕಾಮಾಲೆಯ ಕಾಗದಗಳು ತಾವಾಗಿಯೇ ವಿರಳವಾಗುವುದನ್ನು ನಾನು ಕಂಡಿದ್ದೇನೆ. ಊರಿನಲ್ಲಿರುವಾಗಲೇ ನಿಜವಾಗಿ ಮಲಗಿದವನು ಮೂರನೆಯ ದಿನದೊಳಗೆ ಕರೆ ಮಾಡಿ ತಿಳಿಸಿ, ಅಲ್ಲಿನ ಆಸ್ಪತ್ರೆಯ ಕಾಗದವನ್ನು ಆ ದಿನವೇ ಮೊಬೈಲಿನಲ್ಲಿ ಕಳುಹಿಸುವಂತಾಗಬೇಕು. ರಜೆ ಮುಗಿದ ಮೇಲೆ ಹೊತ್ತುತರುವ ಕಾಗದಕ್ಕೂ ಮಲಗಿದ ದಿನವೇ ಬಂದ ಕಾಗದಕ್ಕೂ ಒಂದೇ ಬೆಲೆಯಿಲ್ಲ.

ದುರುಪಯೋಗವು ಪತ್ತೆಯಾಗುವುದು ಒಂದೊಂದು ಚೀಟಿಯಲ್ಲಲ್ಲ, ಹನ್ನೆರಡು ತಿಂಗಳ ಹಾಜರಿ ಪುಸ್ತಕದಲ್ಲಿ. ಒಬ್ಬನ ಕಾಯಿಲೆಯ ದಿನಗಳು ಮತ್ತೆ ಮತ್ತೆ ವಾರದ ರಜೆಗೆ ಅಂಟಿಕೊಂಡೇ ಬಂದರೆ, ಪಗಾರದ ಮರುದಿನವೇ ಬಂದರೆ, ಒಂದೇ ದವಾಖಾನೆಯ ಒಂದೇ ಮಾದರಿಯ ಚೀಟಿಯನ್ನು ಹಲವರು ತಂದರೆ, ವಿಚಾರಿಸಲು ಕಾರಣವುಂಟು. ಆದರೆ ವಿಚಾರಿಸುವುದೆಂದರೆ ಮೊದಲು ಕರೆದು ಕೂರಿಸಿ ಮಾತನಾಡುವುದು. ಪ್ರತಿ ಸೋಮವಾರ ತಪ್ಪಿಸುವ ಹುಡುಗನ ಹಿಂದೆ ಮದ್ಯವಿರಬಹುದು, ಕೆ.ಇ.ಎಂ. ಆಸ್ಪತ್ರೆಯಲ್ಲಿ ಸೋಮವಾರವೇ ಇರುವ ತಂದೆಯ ತಪಾಸಣೆಯೂ ಇರಬಹುದು. ಮಾತಿನ ಬಳಿಕವೂ ಸಮಾಧಾನವಿಲ್ಲದಿದ್ದರೆ, ಮುಂದಿನ ಆರು ತಿಂಗಳು ಅವನಿಗೆ ಮಾತ್ರ ಮೊದಲ ದಿನದಿಂದಲೇ ಕಾಗದ ಬೇಕೆಂದು ಬರಹದಲ್ಲಿ ತಿಳಿಸಬಹುದು. ಧಣಿಗಳ ಖರ್ಚಿನಲ್ಲಿ ಮತ್ತೊಬ್ಬ ವೈದ್ಯರ ಅಭಿಪ್ರಾಯವನ್ನು ಕೇಳಬಹುದು. ಒಬ್ಬನ ತಪ್ಪಿಗಾಗಿ ಇಪ್ಪತ್ತೈದು ಮಂದಿಯ ಮೇಲೆ ನಿಯಮವನ್ನು ಬಿಗಿಗೊಳಿಸುವುದು ನ್ಯಾಯವಲ್ಲ. ಕಾಗದವು ಖೋಟಾ ಎಂದು ವೈದ್ಯರೇ ಹೇಳಿದಾಗ ಮಾತ್ರ ಅದು ಶಿಸ್ತಿನ ಪ್ರಶ್ನೆಯಾಗುತ್ತದೆ; ಆಗಲೂ ಆರೋಪವನ್ನು ಬರೆದು ಕೊಡಬೇಕು, ಉತ್ತರವನ್ನು ಕೇಳಬೇಕು, ವಿಚಾರಣೆಯಾಗಬೇಕು. ಸಿಟ್ಟಿನಲ್ಲಿ ಪಗಾರ ಹಿಡಿದು, ಗಂಟುಮೂಟೆ ಕಟ್ಟಿಸಿ ಕಳುಹಿಸಿದ ಧಣಿಗಳು ಕಾರ್ಮಿಕ ನ್ಯಾಯಾಲಯದಲ್ಲಿ ಸೋಲುವುದು ಬಹುಮಟ್ಟಿಗೆ ಈ ಹೆಜ್ಜೆಗಳನ್ನು ಬಿಟ್ಟುದರಿಂದ.

ಹೋಟೆಲಿನ ಕಸುಬಿಗೆ ಮಾತ್ರ ಸಲ್ಲುವ ಒಂದು ಮಾತನ್ನು ಹೇಳದೆ ಮುಗಿಸಲಾರೆ. ಬೇರೆ ಕಛೇರಿಗಳಲ್ಲಿ ಕಾಯಿಲೆಯಿಲ್ಲದವನು ಬಾರದಿರುವುದೇ ದೊಡ್ಡ ಚಿಂತೆ. ಅಡಿಗೆಮನೆಯಲ್ಲಿ ಕಾಯಿಲೆಯಿದ್ದವನು ಬರುವುದು ಅದಕ್ಕಿಂತ ದೊಡ್ಡ ಚಿಂತೆ. 2011ರ ಆಹಾರ ಸುರಕ್ಷತಾ ನಿಯಮಾವಳಿಯಂತೆ ಕಾಮಾಲೆ, ವಾಂತಿಭೇದಿ, ಜ್ವರ, ಕೀವುಗಟ್ಟಿದ ಗಾಯ ಇರುವವನು ತಾನಾಗಿ ತಿಳಿಸಬೇಕು, ಆಹಾರದ ಮೂಲಕ ಹರಡುವ ರೋಗವುಳ್ಳವನನ್ನು ಅಡಿಗೆಯ ಸ್ಥಳಕ್ಕೆ ಬಿಡಕೂಡದು. ತಿಳಿಸಿದರೆ ಪಗಾರ ಕಡಿತವೆಂದಿರುವಲ್ಲಿ ಯಾವ ಭಟ್ಟರು ತಿಳಿಸಿಯಾರು? ಆದುದರಿಂದ ಅಡಿಗೆಯವರಿಗೂ ಬಡಿಸುವವರಿಗೂ ವಿಷಮಶೀತಜ್ವರ, ಕಾಮಾಲೆಗಳ ಬಳಿಕ ಕೆಲಸಕ್ಕೆ ಮರಳುವಾಗ ಫಿಟ್ನೆಸ್ ಸರ್ಟಿಫಿಕೇಟು ಕಡ್ಡಾಯವಾಗಿರಲಿ, ಅದರ ಖರ್ಚು ಹೋಟೆಲಿನದಾಗಿರಲಿ. ಕೈಗೆ ಗಾಯವಾದವನು ಹಿಟ್ಟು ನಾದಲಾರನಾದರೂ ಗಲ್ಲಾದ ಬಳಿ ಬಿಲ್ಲು ಬರೆಯಬಲ್ಲನು. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರು ಇಂಥ ಬದಲಿ ಕೆಲಸವನ್ನು ಚೀಟಿಯಲ್ಲಿಯೇ ಸೂಚಿಸಬಹುದಾಗಿದೆ, ನಮ್ಮಲ್ಲಿ ಅದನ್ನು ಮ್ಯಾನೇಜರರೇ ಮಾಡಬಹುದು.

ಹೋಟೆಲು ಧಣಿಗಳಲ್ಲಿ ನನ್ನ ಬಿನ್ನಹವಿಷ್ಟು. ನಾಳೆಯೇ ತಮ್ಮ ಹಾಜರಿ ಪುಸ್ತಕವನ್ನು ತೆರೆದು, ಪ್ರತಿಯೊಬ್ಬ ನೌಕರನ ಹೆಸರಿನೆದುರು ಇ.ಎಸ್.ಐ. ವಿಮಾ ಸಂಖ್ಯೆ ಇದೆಯೇ, ವಂತಿಗೆ ಸರಿಯಾಗಿ ಸಂದಿದೆಯೇ, ಅವನ ಪೆಹಚಾನ್ ಕಾರ್ಡು ಅವನ ಕೈಯಲ್ಲಿಯೇ ಇದೆಯೇ ಎಂದು ನೋಡಿ. ಯಾವ ವೈದ್ಯರ ಬಳಿ, ಯಾವ ಹೊತ್ತಿಗೆ ಹೋಗಬೇಕೆಂಬುದನ್ನು ರಜೆಯ ನಿಯಮದೊಡನೆ ಕನ್ನಡದಲ್ಲಿ ಒಂದೇ ಹಾಳೆಯ ಮೇಲೆ ಬರೆಯಿಸಿ, ಹುಡುಗರು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿ.